ವೆಂಟಿಲೇಟರ್ ತೆಗೆಯಿರಿ ಅಂದರೆ ಕೊಂದ ಹಾಗೇನಾ?

ಅಪ್ಪ ಹುಬ್ಬಳ್ಳಿಯಲ್ಲಿ ಹದಿನೈದು ದಿನದಿಂದ ವೆಂಟಿಲೇಟರ್ ಮೇಲಿದ್ದಾರೆ. ಗುಣವಾಗುವುದಿಲ್ಲ ಅಂತಾರೆ. ತೆಗೆಯಿರಿ ಅಂತ ನಾನು ಸಹಿ ಹಾಕಿದರೆ ಕೊಂದ ಹಾಗೇ ಅಲ್ವಾ? ಇಂಜೆಕ್ಷನ್ ಕೊಟ್ಟು ಮುಗಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? (ಅಂಕೋಲಾ)

ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಒಂದು ರಾತ್ರಿಯೂ ಐಸಿಯು ಬಾಗಿಲಲ್ಲಿ ಕೂತಿರದ ನೆಂಟರು ಬಂದು "ಕೈಬಿಟ್ಟರೆ ಪಾಪ ಸುತ್ತಿಕೊಳ್ಳುತ್ತೆ" ಅಂತ ಹೆದರಿಸಿ ಹೋಗುತ್ತಾರೆ. ಅದು ನನಗೆ ಸಿಟ್ಟು ತರಿಸುತ್ತದೆ.

ನಾನು ನೋಡಿಕೊಂಡ ಒಬ್ಬ ಅಡಿಕೆ ಕೃಷಿಕರ ವಿಷಯ ಹೇಳುತ್ತೇನೆ. ಮಿದುಳಿನಲ್ಲಿ ದೊಡ್ಡ ರಕ್ತಸ್ರಾವ ಆಗಿತ್ತು. ಹನ್ನೆರಡನೇ ದಿನಕ್ಕೆ ಕಿಡ್ನಿಯೂ ಸೋತಿತು. ಮೊದಲು, ಡಯಾಲಿಸಿಸ್ ಶುರು ಮಾಡುವುದು ಬೇಡ ಅಂತ ತೀರ್ಮಾನವಾಯಿತು. ಕಾಗದಪತ್ರ ಮುಗಿದ ಮೇಲೆ ಉಸಿರುಗಟ್ಟಿದ ಹಾಗೆ ಆಗದಿರಲಿ ಅಂತ ಮಾರ್ಫಿನ್ ಸ್ವಲ್ಪ ಸ್ವಲ್ಪ ಕೊಟ್ಟೆವು. ನರ್ಸ್ ಗಂಟಲಿನ ಕಫ ತೆಗೆದರು. ಆಮೇಲೆ ಟ್ಯೂಬ್ ಹೊರಗೆ ಬಂತು. ಅವರು ಐದು ಗಂಟೆ ತಾವಾಗಿಯೇ ಉಸಿರಾಡಿದರು. ಮಗಳು ಹತ್ತಿಯಲ್ಲಿ ನೀರು ಅದ್ದಿ ತುಟಿಗೆ ಮುಟ್ಟಿಸುತ್ತಾ ಕೂತಿದ್ದಳು.

ಆ ಐದು ಗಂಟೆ ಐದು ದಿನವಾಗಿದ್ದರೂ ನಮ್ಮ ಕೆಲಸ ಕೆಟ್ಟಿತು ಅಂತ ನಮಗೆ ಅನ್ನಿಸುತ್ತಿರಲಿಲ್ಲ. ಸಾಯಿಸಲೆಂದೇ ಇಂಜೆಕ್ಷನ್ ಚುಚ್ಚಿದವನಿಗೆ ರೋಗಿ ಬದುಕಿಬಿಟ್ಟರೆ ಕೆಲಸ ಕೆಟ್ಟ ಹಾಗೆ. ಅಲ್ಲಿ ಸಾವೇ ಗುರಿ. ಇಲ್ಲಿ, ಫಲ ಕೊಡದ ಚಿಕಿತ್ಸೆಯ ಹಿಂಸೆ ನಿಲ್ಲಿಸುವುದು ಗುರಿ. ಪ್ರಾಣ ಹೋಗುವುದು ರೋಗದಿಂದ.

ಹಾಗಂತ "ನಾನು ಏನೂ ಮಾಡಲಿಲ್ಲ, ಸುಮ್ನೆ ಬಿಟ್ಟೆ" ಅನ್ನುವುದು ಯಾವಾಗಲೂ ಸಮರ್ಥನೆ ಆಗುವುದಿಲ್ಲ. 1975ರಲ್ಲಿ ಜೇಮ್ಸ್ ರೇಚೆಲ್ಸ್ ಎಂಬ ತತ್ವಶಾಸ್ತ್ರಜ್ಞ ಒಂದು ಉದಾಹರಣೆ ಕೊಟ್ಟರು. ಆಸ್ತಿಯ ಆಸೆಗೆ ಒಬ್ಬ ವ್ಯಕ್ತಿ ಹುಡುಗನೊಬ್ಬನನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸುತ್ತಾನೆ. ಇನ್ನೊಬ್ಬನೂ ಅದೇ ಉದ್ದೇಶದಿಂದ ಹೋಗುತ್ತಾನೆ. ಅಷ್ಟರಲ್ಲಿ ಹುಡುಗ ತಾನೇ ಜಾರಿ ಬಿದ್ದು ಮುಳುಗುತ್ತಾನೆ, ಇವನು ನೋಡುತ್ತಾ ನಿಲ್ಲುತ್ತಾನೆ. ಇಬ್ಬರ ತಪ್ಪೂ ಒಂದೇ ಅಲ್ವಾ? ಈ ಮಾತು ನಾನು ಒಪ್ಪುತ್ತೇನೆ. ಚೇತರಿಸಿಕೊಳ್ಳಬಹುದಾದ ಅಪ್ಪನ ವೆಂಟಿಲೇಟರನ್ನು ತೋಟದ ಪಾಲಿಗಾಗಿ ತೆಗೆಸಿದರೆ ಅದು ಕೊಲೆಯೇ. ಕೈ ಆಡಿತೋ ಇಲ್ಲವೋ ಅನ್ನುವುದೊಂದನ್ನೇ ನೋಡಿದರೆ ಸಾಲದು. ಚಿಕಿತ್ಸೆಯಿಂದ ಉಪಯೋಗ ಉಂಟೋ, ರೋಗಿಗೆ ಏನು ಬೇಕಿತ್ತು, ನಮ್ಮ ಉದ್ದೇಶ ಏನು, ಎಲ್ಲ ನೋಡಬೇಕು.

ರೇಚೆಲ್ಸ್ ಅವರ ಇನ್ನೊಂದು ವಾದ ನನ್ನನ್ನು ಇನ್ನೂ ಕಾಡುತ್ತದೆ. ಸಾವು ಖಚಿತ, ನೋವು ವಿಪರೀತ. ಹಾಗಿದ್ದಾಗ ನಿಧಾನವಾಗಿ ಸಾಯಲು ಬಿಡುವುದು ಒಂದು ಇಂಜೆಕ್ಷನ್‌ಗಿಂತ ಕ್ರೂರವಲ್ಲವೇ? ನೆದರ್ಲೆಂಡ್ಸ್‌ನಲ್ಲಿ 2002ರಿಂದ ಅದಕ್ಕೆ ಕಾನೂನಿದೆ. ನಮ್ಮಲ್ಲಿ ಬೇಡ ಅಂತಲೇ ನನ್ನ ಅಭಿಪ್ರಾಯ. ಸಾಲ ಮಾಡಿ ಬಿಲ್ ಕಟ್ಟುವ ಮನೆಯಲ್ಲಿ "ನನ್ನನ್ನು ಮುಗಿಸಿಬಿಡಿ" ಅನ್ನುವ ಅಜ್ಜಿ ನೋವಿಗೆ ಹೇಳುತ್ತಿದ್ದಾಳೋ, ಮಕ್ಕಳ ಮುಖ ನೋಡಿ ಹೇಳುತ್ತಿದ್ದಾಳೋ ಎಷ್ಟೋ ಸಲ ನನಗೇ ಗೊತ್ತಾಗಿಲ್ಲ.

ಗೆರೆ ಎಲ್ಲಿ ಮಸುಕಾಗುತ್ತದೆ ಅಂತ ನಮ್ಮ ಹಳದೀಪುರದ ಅರುಣಾ ಶಾನಭಾಗ್ ಅವರ ಬದುಕಿನಲ್ಲಿ ನೋಡಿದ್ದೇವೆ. ಮುಂಬೈಯಲ್ಲಿ ನರ್ಸ್ ಆಗಿದ್ದ ಅವರ ಮೇಲೆ 1973ರಲ್ಲಿ ಹಲ್ಲೆಯಾಯಿತು. ಅಲ್ಲಿಂದ 42 ವರ್ಷ ಹಾಸಿಗೆಯಲ್ಲೇ ಇದ್ದರು. ತೆಗೆಯಲು ವೆಂಟಿಲೇಟರೇ ಇರಲಿಲ್ಲ. ಊಟ ನಿಲ್ಲಿಸಲಿ ಅನ್ನುವುದೇ ಬೇಡಿಕೆಯಾಗಿತ್ತು. ಆರೈಕೆ ಮಾಡುತ್ತಿದ್ದ ನರ್ಸ್‌ಗಳು ಒಪ್ಪಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಆ ಬೇಡಿಕೆ ತಳ್ಳಿಹಾಕಿತು. ಆದರೆ ಗುಣವಾಗದವರ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಅದೇ ತೀರ್ಪು ದಾರಿ ತೆರೆಯಿತು. 2015ರಲ್ಲಿ ಅವರು ನ್ಯುಮೋನಿಯಾದಿಂದ ತೀರಿಕೊಂಡರು.

ಈಗ ನಿಮ್ಮ ವಿಷಯ. ಒಂದು ಸಹಿಯಿಂದ ಇದು ಮುಗಿಯುವುದಿಲ್ಲ. ಸುಪ್ರೀಂ ಕೋರ್ಟಿನ 2018ರ ತೀರ್ಪು, 2023ರ ತಿದ್ದುಪಡಿ ಪ್ರಕಾರ ಆಸ್ಪತ್ರೆಯಲ್ಲಿ ಮೂವರು ವೈದ್ಯರ ಮಂಡಳಿ ನೋಡಬೇಕು. ಆಮೇಲೆ ಇನ್ನೊಂದು ಮಂಡಳಿ ನೋಡುತ್ತದೆ, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ವೈದ್ಯರೊಬ್ಬರು ಇರುತ್ತಾರೆ. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇಂಥ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಅಪ್ಪ ಮೊದಲೇ ಲಿವಿಂಗ್ ವಿಲ್ ಬರೆದಿದ್ದರೆ ಅದನ್ನು ತೋರಿಸಿ.

"ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್" ಅಂತ ಬರೆಸಿಕೊಂಡು ಆಂಬುಲೆನ್ಸ್ ಹತ್ತಿಸಬೇಡಿ. ಅರಬೈಲ್ ಘಟ್ಟದ ತಿರುವುಗಳಲ್ಲಿ ಮಾರ್ಫಿನ್ ಇಲ್ಲದೆ, ಕಫ ತೆಗೆಯುವವರಿಲ್ಲದೆ, ಏದುಸಿರು ಬಿಡುತ್ತಾ ಹೋದವರ ಮಕ್ಕಳು ನನ್ನ ಹತ್ತಿರ ಬಂದು ಅತ್ತಿದ್ದಾರೆ. ಟ್ಯೂಬ್ ತೆಗೆಯುವಾಗ ಯಾವ ಔಷಧ ಕೊಡುತ್ತೀರಿ, ಯಾರು ಪಕ್ಕದಲ್ಲಿರುತ್ತಾರೆ ಅಂತ ನಾಳೆಯೇ ಡಾಕ್ಟರನ್ನು ಕೇಳಿ.

ಬ್ರೈನ್ ಡೆಡ್ ಆದವರ ವೆಂಟಿಲೇಟರ್ ತೆಗೆಯುವುದು ದಯಾಮರಣವೇ? (ಕಾರವಾರ)

ಅಲ್ಲ. ನಿಯಮದಂತೆ ಪರೀಕ್ಷಿಸಿ ಖಚಿತವಾಗಿದ್ದರೆ ಅವರು ಆಗಲೇ ತೀರಿಕೊಂಡಿದ್ದಾರೆ.

ಕೋಮಾದಲ್ಲಿದ್ದವರನ್ನು ಮೂಗಿಗೆ ನಾಟಿ ಔಷಧಿ ಬಿಟ್ಟು ಎಬ್ಬಿಸುತ್ತಾರಂತೆ, ಹೌದಾ? (ಶಿರಸಿ)

ಸುಳ್ಳು. ಪ್ರಜ್ಞೆ ಇಲ್ಲದವರ ಮೂಗಿಗೆ ಬಿಟ್ಟದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಅಂಥ ಔಷಧಿ ಹಾಕುವವರನ್ನು ವಾರ್ಡಿನೊಳಗೆ ಬಿಡಬೇಡಿ.