ಗೋಲ್ಡನ್ ರೂಲ್‌ನಲ್ಲಿ t² ಹೋಗಿ t ಬರುವುದು ಹೇಗೆ?

ಪ್ರಶ್ನೆ: ಒಂದು ಸ್ಥಿತಿಗೆ ಜಿಗಿಯುವ ಸಂಭವನೀಯತೆ t² ಆಗಿ ಬೆಳೆಯುತ್ತೆ ಅಂತ ಓದಿದೆ. ಹಾಗಾದ್ರೆ ಗೋಲ್ಡನ್ ರೂಲ್‌ನಲ್ಲಿ ದರ ಸ್ಥಿರ ಹೇಗೆ?

t² ಬೆಳವಣಿಗೆ ಒಂದೇ ಸ್ಥಿತಿಯದ್ದು, ಅದೂ ಶಕ್ತಿ ಸರಿಯಾಗಿ ಹೊಂದಿದಾಗ ಮಾತ್ರ. ಗೋಲ್ಡನ್ ರೂಲ್ ಕೊಡುವ ದರ ಒತ್ತೊತ್ತಾಗಿರುವ ಕೊನೆಯ ಸ್ಥಿತಿಗಳ ಇಡೀ ಗುಂಪಿನದ್ದು. ಮೊದಲ ಹಂತದ ಪರ್ಟರ್ಬೇಷನ್‌ನಲ್ಲಿ ಒಂದು ಸ್ಥಿತಿಗೆ ಸಿಗುವುದು ಇಷ್ಟು:

P = (|V|²/ħ²) · sin²(ωt/2)/(ω/2)²

ಇಲ್ಲಿ V ಎಂದರೆ ಎರಡು ಸ್ಥಿತಿಗಳನ್ನು ಜೋಡಿಸುವ ಪರ್ಟರ್ಬೇಷನ್‌ನ ಗಾತ್ರ, ħω ಎಂದರೆ ಮೊದಲಿನ ಮತ್ತು ಕೊನೆಯ ಒಟ್ಟು ಶಕ್ತಿಗಳ ವ್ಯತ್ಯಾಸ. ಇದನ್ನು ω ಎದುರು ಗ್ರಾಫ್ ಹಾಕಿ ನೋಡಿ. ನಡುವೆ ಒಂದು ಶಿಖರ, ಅದರ ಎತ್ತರ t² ಆಗಿ ಏರುತ್ತದೆ. ಆದರೆ ಎರಡೂ ಕಡೆ 2π/t ದೂರದಲ್ಲೇ ಅದು ಸೊನ್ನೆಗೆ ಇಳಿಯುತ್ತದೆ. ಕಾಲ ದುಪ್ಪಟ್ಟಾದರೆ ಎತ್ತರ ನಾಲ್ಕು ಪಟ್ಟು, ಅಗಲ ಅರ್ಧ. ಅಂದರೆ ಪಾಲು ಪಡೆಯುವ ಸ್ಥಿತಿಗಳೇ ಕಡಿಮೆಯಾಗುತ್ತಾ ಹೋಗುತ್ತವೆ. sin² ಭಾಗದ ಕೆಳಗಿನ ವಿಸ್ತೀರ್ಣ 2πt. ಪ್ರತಿ ಶಕ್ತಿ ಘಟಕಕ್ಕೆ ಇರುವ ಸ್ಥಿತಿಗಳ ಸಾಂದ್ರತೆ ρ ಆದರೆ, ಅದನ್ನು |V|²/ħ² ಮತ್ತು ħρ ಜೊತೆ ಗುಣಿಸಿದಾಗ ಒಟ್ಟು ಸಂಭವನೀಯತೆ Γt, ಅದರಲ್ಲಿ

Γ = (2π/ħ)|V|²ρ

(ಹೆಸರು ಫರ್ಮಿಯದ್ದಾದರೂ ಲೆಕ್ಕ ಡಿರಾಕ್ 1927ರಲ್ಲೇ ಮಾಡಿದ್ದು.)

ಈಗ ಹೈಡ್ರೋಜನ್‌ನ 2p ಸ್ಥಿತಿ ತೆಗೆದುಕೊಳ್ಳಿ. ಅದು 10.2 eV ಫೋಟಾನ್ ಬಿಟ್ಟು 1s ಗೆ ಇಳಿಯುತ್ತದೆ. ಆಯಸ್ಸು ಸುಮಾರು 1.6 ನ್ಯಾನೊಸೆಕೆಂಡ್. t = 10 ಪಿಕೊಸೆಕೆಂಡ್ ಹಾಕಿ. ಶಿಖರ h/t, ಅಂದರೆ ಸುಮಾರು 0.0004 eV ದೂರದಲ್ಲಿ ಸೊನ್ನೆಯಾಗುತ್ತದೆ. 10.2 eV ಮುಂದೆ ಇದು ಏನೂ ಅಲ್ಲ, ಆದ್ದರಿಂದ ಅಷ್ಟರೊಳಗೆ V, ρ ಬದಲಾಗುವುದಿಲ್ಲ ಎಂದು ಹೊರಗೆ ತೆಗೆಯಬಹುದು. ಇತ್ತ Γt ಸುಮಾರು 0.006, ಮೊದಲ ಹಂತದ ಲೆಕ್ಕಕ್ಕೆ ಧಾರಾಳವಾಗಿ ಸಾಕು. t ತೀರಾ ಚಿಕ್ಕದಾದರೆ ಶಿಖರ ಅಗಲವಾಗಿ ಮೊದಲನೆಯದು ಕೆಡುತ್ತದೆ. ಆಯಸ್ಸಿನ ಹತ್ತಿರ ಬಂದರೆ ಎರಡನೆಯದು ಕೆಡುತ್ತದೆ, ಆಗ Γt ಬದಲು 1 − e^(−Γt) ಬೇಕು.

ಜಾಸ್ತಿ ಜನ ಎಡವುವುದು ಮೂರನೇ ಷರತ್ತಿನಲ್ಲಿ: ಸ್ಥಿತಿಗಳು ನಿಜವಾಗಿಯೂ ಒತ್ತೊತ್ತಾಗಿರಬೇಕು. ಕಂಪ್ಯೂಟರ್‌ನಲ್ಲಿ ಮಾಡಿದರೆ ಇದು ಕಣ್ಣಿಗೇ ಕಾಣುತ್ತದೆ. ħ = 1 ಇಟ್ಟು, ಒಂದು ಮಟ್ಟವನ್ನು 0.01 ಅಂತರದ ಸಾಲು ಮಟ್ಟಗಳಿಗೆ V = 0.01 ಇಂದ ಜೋಡಿಸಿ. ρ = 100, Γ ಸುಮಾರು 0.063, ಆಯಸ್ಸು 16. ಸೊಗಸಾದ ಎಕ್ಸ್‌ಪೊನೆನ್ಷಿಯಲ್ ಬರುತ್ತದೆ. ಆದರೆ t = 2π/0.01, ಅಂದರೆ 628 ದಾಟಿದ ಕೂಡಲೇ ಮೊದಲಿನ ಮಟ್ಟದಲ್ಲೇ ಇರುವ ಸಂಭವನೀಯತೆ ಇದ್ದಕ್ಕಿದ್ದಂತೆ ವಾಪಸ್ ಏರುತ್ತದೆ. ಇದು ಪ್ರೋಗ್ರಾಂ ತಪ್ಪಲ್ಲ. L ಉದ್ದದ ಪೆಟ್ಟಿಗೆಯಲ್ಲಿ ಫೋಟಾನ್ ಮಟ್ಟಗಳ ಅಂತರ hc/2L. ಅದಕ್ಕೆ ಈ ಕಾಲ ಲೆಕ್ಕ ಹಾಕಿದರೆ 2L/c ಬರುತ್ತದೆ, ಅಂದರೆ ಬೆಳಕು ಪೆಟ್ಟಿಗೆಯನ್ನು ಒಂದು ಸುತ್ತು ಮುಗಿಸಿ ಪರಮಾಣುವಿಗೆ ಮರಳುವ ಹೊತ್ತು. V ಅನ್ನು 0.001 ಮಾಡಿ ನೋಡಿ: ಆಯಸ್ಸು ಸುಮಾರು 1600, ಆದರೆ 628ಕ್ಕೇ ಬೆಳಕು ವಾಪಸ್. ಅಲ್ಲಿ ಎಕ್ಸ್‌ಪೊನೆನ್ಷಿಯಲ್ ಕ್ಷಯ ಪೂರ್ತಿಯಾಗುವುದೇ ಇಲ್ಲ.