ಲ್ಯಾಬ್ ಸಿಬ್ಬಂದಿಗೆ ಡೇಟಾ ಪ್ರೈವಸಿ ಹಾಳೆ: ಒಂದು ಪುಟದಲ್ಲಿ ಏನು ಹಾಕಬೇಕು?

ಪ್ರಶ್ನೆ: ನಮ್ಮದು ಊರಿನ ಒಂದು ರಕ್ತ ಪರೀಕ್ಷೆ ಲ್ಯಾಬ್. ಒಟ್ಟು ಹದಿನಾಲ್ಕು ಜನ ಇದ್ದೀವಿ. ಮುಂದಿನ ವಾರ ಡೇಟಾ ಪ್ರೈವಸಿ ಬಗ್ಗೆ ಒಂದು ಗಂಟೆ ಟ್ರೈನಿಂಗ್ ಇದೆ. ಎಲ್ಲರ ಕೈಗೆ ಕೊಡೋಕೆ ಒಂದು ಪುಟದ ಹಾಳೆ ಮಾಡು ಅಂತ ನನಗೆ ಹೇಳಿದ್ದಾರೆ. ಅದರಲ್ಲಿ ಏನು ಹಾಕಲಿ?

ಮೊದಲಿಗೆ, ಕಾನೂನಿನಿಂದ ಶುರು ಮಾಡಬೇಡಿ. ನಾನು ಆ ತಪ್ಪು ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ನಾನು ಒಂದು ಲ್ಯಾಬಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಹೊಸಬರಿಗೆ ಹೇಳಿಕೊಡುವ ಕೆಲಸವೂ ನನ್ನ ತಲೆಗೇ ಬಂತು. ಮೊದಲ ಸಲ ಮಾಡಿದ ಹಾಳೆಯ ಮೇಲ್ಗಡೆ ದಪ್ಪ ಅಕ್ಷರದಲ್ಲಿ ‘250 ಕೋಟಿ ರೂಪಾಯಿವರೆಗೆ ದಂಡ’ ಎಂದು ಹಾಕಿದ್ದೆ. ಅದು ಸುಳ್ಳಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯಲ್ಲಿ, ಜನರ ಮಾಹಿತಿ ಕಾಪಾಡಲು ತಕ್ಕ ಏರ್ಪಾಡು ಮಾಡದ ಸಂಸ್ಥೆಗೆ ಅಷ್ಟರವರೆಗೆ ದಂಡ ಹಾಕಬಹುದು. ಹಾಳೆ ಓದಿದವರೆಲ್ಲ ಗಪ್‌ಚುಪ್ ಆದರು. ಆಮೇಲೆ ಎರಡು ತಿಂಗಳು ಒಂದೇ ಒಂದು ತಪ್ಪೂ ನನ್ನ ಕಿವಿಗೆ ಬೀಳಲಿಲ್ಲ. ಟ್ರೈನಿಂಗ್ ಚೆನ್ನಾಗಿ ಆಯಿತು ಎಂದುಕೊಂಡು ನಾನೂ ಹಾಯಾಗಿದ್ದೆ.

ಒಂದು ದಿನ ಒಬ್ಬ ಹೆಂಗಸು ಕೌಂಟರಿಗೆ ಬಂದರು. ಅವರ ಥೈರಾಯ್ಡ್ ರಿಪೋರ್ಟ್ ಯಾರದೋ ಫೋನಿಗೆ ಹೋಗಿತ್ತು. ರಿಪೋರ್ಟಿನ ಮೇಲೆ ಇವರ ನಂಬರ್ ಇದ್ದದ್ದರಿಂದ ಆ ಪುಣ್ಯಾತ್ಮರೇ ಫೋನ್ ಮಾಡಿ ಹೇಳಿದ್ದರು. ಕಳಿಸಿದ ಹುಡುಗನಿಗೆ ವಿಷಯ ಗೊತ್ತಾಗಿ ಹತ್ತು ದಿನ ಆಗಿತ್ತಂತೆ. ಯಾಕಪ್ಪ ಹೇಳಲಿಲ್ಲ ಎಂದರೆ, ‘ಅಕ್ಕ, 250 ಕೋಟಿ ನಾನೆಲ್ಲಿಂದ ತರಲಿ?’ ಎಂದ. ದಂಡ ಬೀಳುವುದು ಸಂಸ್ಥೆಗೆ, ಸಂಬಳಕ್ಕೆ ಕೆಲಸ ಮಾಡುವವನಿಗಲ್ಲ. ಅದನ್ನು ನಾನು ಬರೆದೇ ಇರಲಿಲ್ಲ.

ಹಾಗಾಗಿ ನಿಮ್ಮ ಪುಟದ ಮೂರನೇ ಒಂದು ಭಾಗವನ್ನಾದರೂ ‘ತಪ್ಪಾದರೆ ಏನು ಮಾಡಬೇಕು’ ಎಂಬುದಕ್ಕೆ ಬಿಡಿ. ಉಳಿದದ್ದರಲ್ಲಿ ನಿಮ್ಮ ಲ್ಯಾಬಿನಲ್ಲಿ ನಿಜವಾಗಿ ಮಾಹಿತಿ ಸೋರುವ ಎರಡು ಮೂರು ಜಾಗ ಮಾತ್ರ ಹಾಕಿ. ಅವು ಯಾವುವು ಎಂದು ತಿಳಿಯಲು ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ, ಖಾಲಿ ಹೊಟ್ಟೆಯವರ ರಶ್ ಇರುವಾಗ, ಸುಮ್ನೆ ಕೌಂಟರ್ ಪಕ್ಕ ಕೂತು ನೋಡಿ. ನಾನು ಕೂತಾಗ ಕಂಡದ್ದು ಬಹುಮಟ್ಟಿಗೆ ಫೋನ್ ನಂಬರಿನ ಗೊಂದಲ.

ನಂಬರ್ ಸರಿ ಇದ್ದರೆ ಆಳು ಸರಿ ಎಂದು ನಾವು ನಂಬಿಬಿಡುತ್ತೇವೆ. ಆದರೆ ನಮ್ಮ ಕಡೆ ಅಜ್ಜಿ ಕೊಡುವುದು ಮಗನ ನಂಬರ್. ಸೊಸೆ ಕೊಡುವುದೂ ಅದೇ ನಂಬರ್. ಪಕ್ಕದ ಮನೆಯವರೂ ಕೆಲವು ಸಲ ಅದನ್ನೇ ಕೊಟ್ಟಿರುತ್ತಾರೆ. ಕಂಪ್ಯೂಟರಿನಲ್ಲಿ ಆ ನಂಬರ್ ಒತ್ತಿದರೆ ಐದು ಹೆಸರು ಬರುತ್ತವೆ, ಅದರಲ್ಲಿ ಇಬ್ಬರು ಲಕ್ಷ್ಮಮ್ಮ. ಸೊಸೆಯ ಪ್ರೆಗ್ನೆನ್ಸಿ ಟೆಸ್ಟ್ ರಿಪೋರ್ಟ್ ಭಾವನ ಫೋನಿಗೆ ಹೋಗುವುದು ಹೀಗೆ. ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿದ್ದೇವಲ್ಲ ಎನ್ನುತ್ತಾರೆ. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ಇದು ಊರಾಚೆಯವರನ್ನು ತಡೆಯುತ್ತದೆ, ಮನೆಯವರನ್ನಲ್ಲ. ಮನೆಯವರಿಗೆ ಎರಡೂ ಗೊತ್ತಿರುತ್ತದೆ, ಅಲ್ವಾ?

ಇದಕ್ಕೆ ಬಿಲ್ ಮಾಡುವಾಗಲೇ ಒಂದು ಪ್ರಶ್ನೆ ಕೇಳಬೇಕು: ‘ರಿಪೋರ್ಟ್ ಈ ನಂಬರಿಗೆ ಕಳಿಸಲೋ, ನೀವೇ ಬಂದು ತಗೊಳ್ತೀರೋ?’ ಬರುತ್ತೇನೆ ಎಂದವರ ಬಿಲ್ಲಿನ ಮೇಲೆ ‘ಕೈಗೆ ಮಾತ್ರ’ ಎಂದು ಬರೆಯಬೇಕು. ನಂಬರಿನಲ್ಲಿ ಒಂದು ಅಂಕಿ ತಪ್ಪಾಗುವುದನ್ನು ಹಿಡಿಯಲೂ ಒಂದು ಉಪಾಯ ಇದೆ. ಅವರು ಎದುರಿಗೆ ನಿಂತಿರುವಾಗಲೇ ಆ ನಂಬರಿಗೆ ಲ್ಯಾಬಿನ ಹೆಸರಷ್ಟೇ ಇರುವ ಒಂದು ವಾಟ್ಸಾಪ್ ಮೆಸೇಜ್ ಕಳಿಸಿ, ‘ಬಂತಾ ನೋಡಿ’ ಎನ್ನಬೇಕು. ಫೋನ್ ಮನೆಯಲ್ಲಿ ಮಗನ ಹತ್ತಿರ ಇದ್ದರೆ ಇದು ನಡೆಯುವುದಿಲ್ಲ. ಆಗ ನಂಬರನ್ನು ಚೀಟಿಯಲ್ಲಿ ತೋರಿಸಿ ಕೇಳಿ. ನಾವು ಮೊದಮೊದಲು ಬಿಲ್ಲನ್ನೇ ಕಳಿಸುತ್ತಿದ್ದೆವು. ಬಿಲ್ಲಿನಲ್ಲಿ ಟೆಸ್ಟ್‌ನ ಹೆಸರೇ ಇರುತ್ತದೆ ಎಂದು ಹೊಳೆದದ್ದು ತಡವಾಗಿ!

ಎಚ್‌ಐವಿ ರಿಪೋರ್ಟಿಗೆ ಮಾತ್ರ ಬೇರೆ ಸಾಲು ಬೇಕು. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ ಎಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹೇಳುತ್ತದೆ. ಕಾನೂನಿನಲ್ಲೇ ಕೆಲವು ವಿನಾಯಿತಿಗಳಿವೆ. ಅವನ್ನು ಕೌಂಟರಿನಲ್ಲಿ ಕೂತವರು ಲೆಕ್ಕ ಹಾಕುವುದು ಬೇಡ, ಪೆಥಾಲಜಿಸ್ಟ್ ಡಾಕ್ಟರಿಗೆ ಬಿಡಲಿ.

ಎರಡನೇ ಜಾಗ ಫೋನ್ ಕರೆ. ‘ಡಾಕ್ಟರ್ ಕ್ಲಿನಿಕ್‌ನಿಂದ ಮಾತಾಡ್ತಿದ್ದೀನಿ, ಇಂಥವರ ಶುಗರ್ ಎಷ್ಟು ಬಂತು ಹೇಳಿ.’ ನಮ್ಮವರು ಪಾಪ, ಒಳ್ಳೆ ಮನಸ್ಸಿನಿಂದ ಓದಿಯೇ ಬಿಡುತ್ತಾರೆ. ‘ಇಲ್ಲ, ಹೇಳೋಕಾಗಲ್ಲ’ ಎನ್ನಲು ಚಿಕ್ಕ ವಯಸ್ಸಿನವರಿಗೆ ಬಾಯಿ ಬರುವುದಿಲ್ಲ. ಅದಕ್ಕೇ ಹಾಳೆಯಲ್ಲಿ ನಿಯಮಕ್ಕಿಂತ ಆಡುವ ಮಾತನ್ನೇ ಬರೆದುಕೊಡಿ: ‘ಎರಡು ನಿಮಿಷದಲ್ಲಿ ನಾನೇ ಕ್ಲಿನಿಕ್ ನಂಬರಿಗೆ ಫೋನ್ ಮಾಡಿ ಹೇಳ್ತೀನಿ ಸಾರ್.’ ಕರೆ ಬಂದ ನಂಬರಿಗಲ್ಲ, ನಮ್ಮ ಪುಸ್ತಕದಲ್ಲಿರುವ ನಂಬರಿಗೆ. ರೋಗಿಯೇ ಕರೆ ಮಾಡಿದರೆ ನಾವು ಹೆಸರು ಹೇಳಿ ‘ನೀವೇನಾ?’ ಎಂದು ಕೇಳಬಾರದು. ಯಾರು ಬೇಕಾದರೂ ಹೂಂ ಎನ್ನಬಹುದು. ಹೆಸರು, ವಯಸ್ಸು, ಬಿಲ್ ನಂಬರ್ ಅವರ ಬಾಯಿಂದಲೇ ಬರಲಿ.

ಕಂಪ್ಯೂಟರ್ ಪಾಸ್‌ವರ್ಡ್, ಕ್ಯೂ ಕಡೆ ತಿರುಗಿರುವ ಸ್ಕ್ರೀನ್, ರಫ್ ಹಾಳೆಯಾಗುವ ಹಳೇ ರಿಪೋರ್ಟ್, ಇವೆಲ್ಲ ಇದ್ದೇ ಇವೆ. ಟ್ರೈನಿಂಗ್‌ನಲ್ಲಿ ಬಾಯಲ್ಲಿ ಹೇಳಿ ಸಾಕು. ಸ್ಕ್ರೀನ್ ತಿರುಗಿಸಲು ಹಾಳೆ ಬೇಡ, ಇವತ್ತೇ ತಿರುಗಿಸಿಬಿಡಿ. ಹಾಂ, ಕಾಗದದ ರಿಜಿಸ್ಟರ್ ಡಿಜಿಟಲ್ ಕಾಯ್ದೆಗೆ ಬರುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಕಂಪ್ಯೂಟರಿಗೆ ಏರಿಸದ ಬರೀ ಕಾಗದಕ್ಕೆ ಆ ಕಾಯ್ದೆ ತಾಗುವುದಿಲ್ಲ, ನಿಜ. ಆದರೆ ನಿಮ್ಮ ರಿಜಿಸ್ಟರಿನ ಸಾಲುಗಳೇ ತಾನೆ ಕಂಪ್ಯೂಟರಿಗೆ ಹೋಗುವುದು?

ಈಗ ತಪ್ಪಾದಾಗಿನ ಭಾಗ. ತಪ್ಪು ನಂಬರಿಗೆ ರಿಪೋರ್ಟ್ ಹೋಯಿತು ಎಂದುಕೊಳ್ಳಿ. ಮೊದಲು ಯಾರ ರಿಪೋರ್ಟ್, ಯಾವ ನಂಬರಿಗೆ, ಎಷ್ಟು ಗಂಟೆಗೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಅಳಿಸಿದ ಮೇಲೆ ನೆನಪೂ ಅಳಿಸುತ್ತದೆ. ಆಮೇಲೆ Delete for everyone. ಗಾಬರಿಯಲ್ಲಿ ಬೆರಳು Delete for me ಮೇಲೆ ಬಿದ್ದರೆ ನಿಮ್ಮ ಫೋನಿನಿಂದ ಮಾತ್ರ ಹೋಗುತ್ತದೆ, ಅವರ ಫೋನಿನಲ್ಲಿ ಹಾಗೇ ಇರುತ್ತದೆ. ಕೆಲವು ಸೆಕೆಂಡು Undo ಕಾಣುತ್ತದೆ, ಅಷ್ಟರಲ್ಲಿ ಒತ್ತಿದರೆ ಬಚಾವ್. ಎಲ್ಲರಿಗೂ ಅಳಿಸುವ ಅವಕಾಶ ಇರುವುದೂ ಸುಮಾರು ಎರಡು ದಿನ ಮಾತ್ರ. ನಮ್ಮ ಹುಡುಗ ಹತ್ತು ದಿನ ಕೂತಿದ್ದ ಎಂದೆನಲ್ಲ, ಅಷ್ಟರಲ್ಲಿ ಆ ದಾರಿ ಮುಚ್ಚಿತ್ತು. ಅಳಿಸಿದರೂ ಅವರು ಅಷ್ಟರೊಳಗೆ ಫೈಲ್ ತೆರೆದು ಉಳಿಸಿಕೊಂಡಿರಬಹುದು. ಹಾಗಾಗಿ ಅಳಿಸಿದ್ದೇನೆ, ಮುಗಿಯಿತು ಎಂದು ಸುಮ್ಮನಾಗುವಂತಿಲ್ಲ. ಹದಿನೈದು ನಿಮಿಷದೊಳಗೆ ಇನ್‌ಚಾರ್ಜ್‌ಗೆ ಹೇಳಬೇಕು. ತಪ್ಪಾಗಿ ಸಿಕ್ಕವರಿಗೂ ರೋಗಿಗೂ ಫೋನ್ ಮಾಡುವುದು ಇನ್‌ಚಾರ್ಜ್ ಕೆಲಸ.

ಹದಿನೈದು ನಿಮಿಷ ನಾನು ಇಟ್ಟುಕೊಂಡ ಲೆಕ್ಕ, ಕಾನೂನಿನದಲ್ಲ. ಕಾನೂನಿನ ಗಡಿಯಾರ ಮಾಲೀಕರಿಗೆ. ಡಿಜಿಟಲ್ ಕಾಯ್ದೆಯಡಿ 2025ರ ನವೆಂಬರಿನಲ್ಲಿ ಬಂದ ನಿಯಮಗಳ ಪ್ರಕಾರ ಮಾಹಿತಿ ಸೋರಿದರೆ ರೋಗಿಗೂ, ಆ ಕಾಯ್ದೆಯ ಪಾಲನೆ ನೋಡುವ ಡೇಟಾ ಮಂಡಳಿಗೂ ತಡಮಾಡದೆ ತಿಳಿಸಬೇಕು, ಮಂಡಳಿಗೆ 72 ಗಂಟೆಯೊಳಗೆ ಪೂರ್ತಿ ವಿವರ ಕೊಡಬೇಕು. ಈ ಭಾಗ ಜಾರಿಗೆ ಬರಲು ನಿಯಮಗಳಲ್ಲಿ 18 ತಿಂಗಳ ಸಮಯ ಇಟ್ಟಿದ್ದಾರೆ. ಆದರೆ ಕಂಪ್ಯೂಟರ್ ಹ್ಯಾಕ್ ಆಗಿ ಡೇಟಾ ಹೋದರೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂಬ ನಿರ್ದೇಶನ 2022ರಿಂದಲೇ ಇದೆ. ಇದೆಲ್ಲ ಮಾಲೀಕರ ಹಾಳೆಯಲ್ಲಿರಲಿ. ಕೌಂಟರಿನವರಿಗೆ ಗೊತ್ತಿರಬೇಕಾದದ್ದು ಒಂದೇ: ಅವರು ಬೇಗ ಹೇಳದಿದ್ದರೆ ಮೇಲಿನವರಿಗೆ ಸಮಯ ಉಳಿಯುವುದಿಲ್ಲ.

ನಾನು ಎರಡನೇ ಸಲ ಮಾಡಿದ ಹಾಳೆಯ ಮಾತುಗಳು ಸುಮಾರು ಹೀಗಿದ್ದವು. ಬೇಕಾದರೆ ತಗೊಳ್ಳಿ, ನಿಮ್ಮ ಊರಿನ ಮಾತಿಗೆ ತಿರುಗಿಸಿ.

> ತಪ್ಪು ನಂಬರಿಗೆ ರಿಪೋರ್ಟ್ ಹೋಯಿತಾ?
> ಯಾರದು, ಯಾವ ನಂಬರಿಗೆ, ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. Delete for everyone ಒತ್ತಿ, Delete for me ಅಲ್ಲ. 15 ನಿಮಿಷದೊಳಗೆ ಇನ್‌ಚಾರ್ಜ್‌ಗೆ ಫೋನ್ ಮಾಡಿ: ________. ತಾವಾಗೇ ಹೇಳಿದವರಿಗೆ ಬೈಗುಳವೂ ಇಲ್ಲ, ಸಂಬಳ ಕಡಿತವೂ ಇಲ್ಲ.
>
> ಬಿಲ್ ಮಾಡುವಾಗ: ‘ರಿಪೋರ್ಟ್ ಈ ನಂಬರಿಗೆ ಕಳಿಸಲೋ, ನೀವೇ ಬಂದು ತಗೊಳ್ತೀರೋ?’
>
> ಕಳಿಸುವ ಮುಂಚೆ: ಹೆಸರು, ವಯಸ್ಸು, ಬಿಲ್ ನಂಬರ್ ಮೂರೂ ಹೊಂದಬೇಕು. ‘ಕೈಗೆ ಮಾತ್ರ’ ಎಂದಿದ್ದರೆ ಕಳಿಸಬೇಡಿ.
>
> ಫೋನಿನಲ್ಲಿ ಕೇಳಿದರೆ: ‘ಎರಡು ನಿಮಿಷದಲ್ಲಿ ನಾನೇ ಫೋನ್ ಮಾಡಿ ಹೇಳ್ತೀನಿ.’ ನಮ್ಮ ಪುಸ್ತಕದಲ್ಲಿರುವ ನಂಬರಿಗೆ ಮಾಡಿ.
>
> ಎಚ್‌ಐವಿ: ಫೋನ್ ಇಲ್ಲ, ವಾಟ್ಸಾಪ್ ಇಲ್ಲ, ಮನೆಯವರ ಕೈಗೂ ಇಲ್ಲ. ಡಾಕ್ಟರಿಗೆ ಹೇಳಿ.

‘ಸಂಬಳ ಕಡಿತ ಇಲ್ಲ’ ಎನ್ನುವ ಸಾಲಿಗೆ ಮಾಲೀಕರು ಒಪ್ಪಿದರೆ ಮಾತ್ರ ಹಾಕಿ. ನಮ್ಮಲ್ಲಿ ಒಪ್ಪಿಸಲು ಎರಡು ಸಲ ಹೋಗಿ ಕೂರಬೇಕಾಯಿತು. ಹಾಕಿ ಆಮೇಲೆ ಒಬ್ಬನ ಸಂಬಳ ಹಿಡಿದರೆ ಹಾಳೆ ಕಸದ ಬುಟ್ಟಿಗೆ.

ಅಚ್ಚು ಹಾಕಿಸುವ ಮುಂಚೆ ಎಲ್ಲರಿಗಿಂತ ಹೊಸಬರ ಕೈಗೆ ಹಾಳೆ ಕೊಟ್ಟು, ‘ಈಗ ಒಬ್ಬರ ರಿಪೋರ್ಟ್ ಬೇರೆಯವರಿಗೆ ಹೋಯಿತು, ಏನು ಮಾಡ್ತೀಯ?’ ಎಂದು ಕೇಳಿ. ಹತ್ತು ಸೆಕೆಂಡಿನಲ್ಲಿ ಬೆರಳು ಸರಿಯಾದ ಸಾಲಿಗೆ ಹೋಗದಿದ್ದರೆ ಅಕ್ಷರ ದೊಡ್ಡದು ಮಾಡಿ, ಮಾತು ಕಡಿಮೆ ಮಾಡಿ. ನಮ್ಮಲ್ಲಿ ಮನೆಗೆ ಹೋಗಿ ರಕ್ತ ತೆಗೆಯುವ ಹುಡುಗ ಹಾಳೆಯನ್ನು ಮೂರು ಸಲ ತಿರುಗಿಸಿ ನೋಡಿ, ‘ಇನ್‌ಚಾರ್ಜ್ ರಜೆ ಇದ್ರೆ?’ ಎಂದ. ನನಗೆ ಅದು ಹೊಳೆದೇ ಇರಲಿಲ್ಲ. ಖಾಲಿ ಗೆರೆಯ ಪಕ್ಕ ಇನ್ನೊಂದು ಗೆರೆ ಎಳೆದೆ. ನೀವೂ ಎರಡು ನಂಬರಿಗೆ ಜಾಗ ಬಿಡಿ.