ಫ್ಲೂ ಬಂದಾಗ ಇಡೀ ಮೈ ಯಾಕೆ ನೋಯುತ್ತದೆ?

ಪ್ರಶ್ನೆ: ಫ್ಲೂ ವೈರಸ್ ಇರೋದು ಮೂಗು, ಗಂಟಲಲ್ಲಿ ಅಲ್ವಾ? ಮತ್ತೆ ಜ್ವರ, ಮೈಕೈ ನೋವು, ಸುಸ್ತು ಯಾಕೆ?

ಉತ್ತರ: ಅವನ್ನು ತರುವುದು ಹೆಚ್ಚಾಗಿ ವೈರಸ್ ಅಲ್ಲ, ಅದರ ಜೊತೆ ಹೋರಾಡುವ ನಮ್ಮ ದೇಹವೇ. ವೈರಸ್ ಸಾಮಾನ್ಯವಾಗಿ ಉಸಿರಿನ ದಾರಿಯಲ್ಲೇ ಉಳಿಯುತ್ತದೆ. ಆದರೆ ಅಲ್ಲಿನ ಜೀವಕೋಶಗಳು ಬಿಡುವ ಸೈಟೊಕೈನ್ ಎಂಬ ಎಚ್ಚರಿಕೆಯ ರಾಸಾಯನಿಕಗಳು ರಕ್ತ ಸೇರಿ ಎಲ್ಲ ಕಡೆ ಹೋಗುತ್ತವೆ.

ಅವುಗಳಿಂದ ಮೆದುಳಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ಇನ್ನೊಂದು ರಾಸಾಯನಿಕ ಹುಟ್ಟುತ್ತದೆ. ಅದು ಮೈಬಿಸಿಯ ಗುರಿಯನ್ನು 37 ಡಿಗ್ರಿಯಿಂದ 39ಕ್ಕೆ ಏರಿಸಿತು ಅನ್ನಿ. ಮೈ ಇನ್ನೂ 37ರಲ್ಲೇ ಇದೆ. ಹಾಗಾಗಿ ಮಂಗಳೂರಿನ ಸೆಕೆಯಲ್ಲೂ ಚಳಿಯಾಗುತ್ತದೆ, ಸ್ನಾಯುಗಳು ನಡುಗಿ ಬಿಸಿ ಹುಟ್ಟಿಸುತ್ತವೆ. ಆ ಬಿಸಿಯಲ್ಲಿ ವೈರಸ್ ಬೆಳೆಯುವುದು ಕಷ್ಟ. ಪ್ಯಾರಾಸಿಟಮಾಲ್ ಪ್ರೊಸ್ಟಗ್ಲಾಂಡಿನ್ ಕಡಿಮೆ ಮಾಡುತ್ತದೆ. ಗುರಿ ಇಳಿದು ಬೆವರು ಬರುತ್ತದೆ, ಆದರೆ ವೈರಸ್ ಸಾಯುವುದಿಲ್ಲ.

ನೋವಿನ ನರಗಳನ್ನು ಸೂಕ್ಷ್ಮ ಮಾಡುವುದೂ ಇದೇ ಪ್ರೊಸ್ಟಗ್ಲಾಂಡಿನ್. ಸುಸ್ತು ಸೈಟೊಕೈನ್‌ಗಳ ಕೆಲಸ. ಓಡಾಟ ನಿಂತರೆ ಶಕ್ತಿ ಹೋರಾಟಕ್ಕೆ ಉಳಿಯುತ್ತದೆ.

ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಒಂದು ಮಾತು. ಶೀತ, ಕೆಮ್ಮು ಇಲ್ಲದೆ ಚಳಿಜ್ವರ ಬಂದರೆ ಫ್ಲೂ ಅಂತ ಸುಮ್ನೆ ಇರಬೇಡಿ. ಮಲೇರಿಯಾ, ಡೆಂಗಿ, ಇಲಿಜ್ವರ ಇರಬಹುದು. ಡಾಕ್ಟರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸಿ.